ಒಂದು ಕಾಯಿನ್‌ನಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ: ತೆರಿಗೆ ಯಾವುದರ ಮೇಲೆ?

ಕೇಳಿದವರು: ಫೆಬ್ರವರಿಯಲ್ಲಿ ನನ್ನ ಹತ್ತಿರ ಇದ್ದ ಕ್ರಿಪ್ಟೋ ಎಲ್ಲಾ ಮಾರಿದೆ. 2,20,000ಕ್ಕೆ ಕೊಂಡ ಬಿಟ್‌ಕಾಯಿನ್ 4,00,000ಕ್ಕೆ ಹೋಯಿತು. 2,00,000 ಹಾಕಿದ್ದ ಇನ್ನೊಂದು ಕಾಯಿನ್‌ಗೆ ಸಿಕ್ಕಿದ್ದು ಬರೀ 50,000. ಕೈಗೆ ಉಳಿದ ಲಾಭ 30,000. ಸಂಬಳ ವರ್ಷಕ್ಕೆ 9 ಲಕ್ಷ, ಹೊಸ ಪದ್ಧತಿ. 12 ಲಕ್ಷದ ಒಳಗೇ ಇದ್ದೇನೆ, ಹಾಗಾದರೆ ತೆರಿಗೆ ಏನೂ ಬರಲ್ಲ ಅಲ್ವಾ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ ಒಬ್ಬರು: ಬರುತ್ತೆ ಮೇಡಂ. ಕ್ರಿಪ್ಟೋಗೆ ನೇರ ಶೇ. 30, ಸಂಬಳ ಎಷ್ಟಿದ್ದರೂ ಅಷ್ಟೇ. ಆದರೆ ಅದೇ ವರ್ಷದ ನಷ್ಟ ಕಳೆದುಕೊಳ್ಳಬಹುದು, ಮುಂದಿನ ವರ್ಷಕ್ಕೆ ಒಯ್ಯೋಕೆ ಮಾತ್ರ ಆಗಲ್ಲ. ಹಾಗಾಗಿ 30,000ಕ್ಕೆ 9,000, ಸೆಸ್ ಸೇರಿ 9,360 ಕಟ್ಟಿದರೆ ಆಯಿತು. ನನ್ನ ಆ್ಯಪ್ ಕೂಡ ಹಾಗೇ ಕಳೆದು ಒಂದೇ ಮೊತ್ತ ತೋರಿಸುತ್ತೆ.

ಹುಬ್ಬಳ್ಳಿ, ಲೆಕ್ಕಪತ್ರದ ಕೆಲಸದವರು: ಮೈಸೂರಿನ ಸರ್ ಶೇ. 30 ಅಂದದ್ದು ಸರಿ, ಒಯ್ಯೋಕೆ ಆಗಲ್ಲ ಅಂದದ್ದೂ ಸರಿ. ನಷ್ಟ ಕಳೆಯಬಹುದು ಅನ್ನೋದು ತಪ್ಪು. ದಯವಿಟ್ಟು ಅದನ್ನು ನಂಬಿ ರಿಟರ್ನ್ ಹಾಕಬೇಡಿ ಅಕ್ಕ.

ನಿಮ್ಮ ಲೆಕ್ಕವನ್ನೇ ಹಾಕೋಣ. ಬಿಟ್‌ಕಾಯಿನ್‌ನ ಲಾಭ 1,80,000. ಇನ್ನೊಂದು ಕಾಯಿನ್‌ನ ನಷ್ಟ 1,50,000. ಆದಾಯ ತೆರಿಗೆ ಕಾಯ್ದೆಯಲ್ಲಿ ಕ್ರಿಪ್ಟೋ ಲಾಭಕ್ಕೆ ಇರುವ ಸೆಕ್ಷನ್ 115BBH ಕಣ್ಣಿಗೆ ಆ ನಷ್ಟ ಸೊನ್ನೆ. 1,80,000ಕ್ಕೆ ಶೇ. 30 ಅಂದರೆ 54,000, ಅದರ ಮೇಲೆ ಶೇ. 4 ಸೆಸ್ 2,160, ಒಟ್ಟು 56,160. ನಿಮಗೆ ನಿಜವಾಗಿ ಉಳಿದಿದ್ದು 30,000, ಅಂದರೆ ತೆರಿಗೆ ಕಟ್ಟೋಕೆ ನಿಮ್ಮ ಸಂಬಳದಿಂದ ಇನ್ನೂ 26,160 ತೆಗೆಯಬೇಕು. ಓದೋಕೆ ಹೊಟ್ಟೆ ಉರಿಯುತ್ತೆ ಅಂತ ಗೊತ್ತು, ಆದರೆ ಕಾಯ್ದೆ ಇರುವುದೇ ಹೀಗೆ. 2022ರ ಹಣಕಾಸು ಮಸೂದೆ ಮೊದಲು ಬಂದಾಗ ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಬಹುದೇನೋ ಅಂತ ಓದುವ ಹಾಗಿತ್ತು. ಆ ವರ್ಷ ಮಾರ್ಚಿನಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರು ಲೋಕಸಭೆಗೆ ಲಿಖಿತವಾಗಿ ಆಗಲ್ಲ ಅಂದರು, ಮಸೂದೆಯ ಮಾತನ್ನೂ ತಿದ್ದಿ ಆ ಬಾಗಿಲು ಮುಚ್ಚಿದರು.

12 ಲಕ್ಷದ ವಿಷಯ. ನಿಮ್ಮ ಸಂಬಳದ ತೆರಿಗೆ 87Aಯ ರಿಯಾಯಿತಿಯಲ್ಲಿ ಪೂರ್ತಿ ಹೋಗುತ್ತೆ. ಕ್ರಿಪ್ಟೋದ 54,000ಕ್ಕೆ ಆ ರಿಯಾಯಿತಿ ತಾಗುವುದಿಲ್ಲ, ಯಾಕಂದರೆ ಅದು ವಿಶೇಷ ದರದ ಆದಾಯ. ಸಂಬಳವೇ ಇಲ್ಲದ ವಿದ್ಯಾರ್ಥಿ ಮಾರಿದರೂ ಅವನಿಗೂ ಲಾಭದ ಮೊದಲ ರೂಪಾಯಿಯಿಂದಲೇ ಶೇ. 30.

ಲಾಭದಿಂದ ಕಳೆಯೋಕೆ ಬಿಡುವುದು ಕೊಂಡ ಬೆಲೆ ಒಂದನ್ನೇ. ಮಾರುವಾಗ ಹಿಡಿದ ಶುಲ್ಕ, ಇಂಟರ್ನೆಟ್ ಬಿಲ್ಲು ಯಾವುದೂ ಬರಲ್ಲ.

ತುಮಕೂರಿನಿಂದ: ನನ್ನದೂ ಇದೇ ಕಥೆ! ಲಾಭ ಅಂತ ಒಂದು ರೂಪಾಯಿ ಇಲ್ಲ, ಬರೀ ನಷ್ಟದಲ್ಲಿ 3,10,000ದಷ್ಟು ಮಾರಿದೆ. ಆದರೂ ಎಕ್ಸ್‌ಚೇಂಜ್‌ನವರು 3,100 ಹಿಡಿದುಬಿಟ್ಟರು. ಶೇ. 30 ಅಂತ ನೀವೆಲ್ಲ ಹೇಳುತ್ತಿದ್ದೀರಿ, ನನಗೆ ಶೇ. 1 ಯಾಕೆ ಹಿಡಿದರು? ಈ ದುಡ್ಡು ಹೋದ ಹಾಗೇನಾ?

ಹುಬ್ಬಳ್ಳಿಯವರು: ಅದು ಬೇರೆ ವಿಷಯ ಅಣ್ಣಾ. 194S ಅಡಿ ಹಿಡಿಯುವ ಟಿಡಿಎಸ್, 2022ರ ಜುಲೈ 1ರಿಂದ ಇದೆ. ಲಾಭ ನಷ್ಟ ನೋಡುವುದಿಲ್ಲ, ಮಾರಿದ ಮೊತ್ತದ ಮೇಲೆ ಶೇ. 1 ಹಿಡಿಯುತ್ತಾರೆ. ಅದು ನಿಮ್ಮ ಹೆಸರಿನಲ್ಲೇ ಜಮಾ ಆಗಿರುತ್ತೆ, Form 26ASನಲ್ಲಿ ನೋಡಿ. ರಿಟರ್ನ್ ಹಾಕಿ, ಬೇರೆ ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸ್ ಬರುತ್ತೆ. ನಷ್ಟ ತಾನೇ ಅಂತ ರಿಟರ್ನ್ ಹಾಕದೆ ಸುಮ್ನೆ ಕೂತರೆ ಮಾತ್ರ ಅದು ಹೋದ ಹಾಗೆ.

ಅಕ್ಕ, ನಿಮಗೂ ಇದು ಅನ್ವಯ. 4,50,000ಕ್ಕೆ ಮಾರಿದ್ದೀರಿ, ಸುಮಾರು 4,500 ಹಿಡಿದಿರಬೇಕು. 56,160ರಲ್ಲಿ ಅದು ಹೋದರೆ ಕಟ್ಟಬೇಕಾದ್ದು 51,660. ಇನ್ನೊಂದು ಮಾತು. ಬಾಕಿ 10,000 ದಾಟಿದರೆ ಮಾರ್ಚ್ ಒಳಗೇ ಮುಂಗಡ ತೆರಿಗೆ ಕಟ್ಟಬೇಕಿತ್ತು. ಈಗ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1ರಂತೆ ಬಡ್ಡಿ ಓಡುತ್ತಿದೆ, ಅಂದರೆ ತಿಂಗಳಿಗೆ 516 ರೂಪಾಯಿ. ಮುಂಗಡ ಕಂತು ತಪ್ಪಿದ್ದಕ್ಕೆ ಬೇರೆ ಸಣ್ಣ ಬಡ್ಡಿಯೂ ಇದೆ. ಜುಲೈ ತನಕ ಕಾಯಬೇಡಿ, ಈಗಲೇ ಕಟ್ಟಿ ಚಲನ್ ಇಟ್ಟುಕೊಳ್ಳಿ.

ಪುಣೆಯಲ್ಲಿರುವ ಕನ್ನಡಿಗ: ಮೈಸೂರಿನ ಸರ್ ಹೇಳಿದ ದಾರಿಯಲ್ಲೇ ನಾನು ಹೋಗಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ. 2023-24ರಲ್ಲಿ ಒಂದರಲ್ಲಿ 60,000 ಲಾಭ, ಇನ್ನೊಂದರಲ್ಲಿ 45,000 ನಷ್ಟ. ಆ್ಯಪ್ ಕೊಟ್ಟ ವರದಿಯಲ್ಲಿ ಕೊನೆಗೆ ದಪ್ಪ ಅಕ್ಷರದಲ್ಲಿ 15,000 ಅಂತಿತ್ತು, ಅದನ್ನೇ ತುಂಬಿ 4,680 ಕಟ್ಟಿದೆ. ಹೋದ ವರ್ಷ ಇಲಾಖೆಯಿಂದ ಇಮೇಲ್ ಬಂತು, ನಿಮ್ಮ ಕ್ರಿಪ್ಟೋ ವಹಿವಾಟನ್ನು ಇನ್ನೊಮ್ಮೆ ನೋಡಿಕೊಳ್ಳಿ ಅಂತ. ಕೈಕಾಲು ತಣ್ಣಗಾಯಿತು. ಪರಿಷ್ಕೃತ ರಿಟರ್ನ್‌ನ ಗಡುವು ದಾಟಿತ್ತು, ಗಡುವು ಮುಗಿದ ಮೇಲೆ ತಿದ್ದಿ ಹಾಕುವ ITR-U ಹಾಕಬೇಕಾಯಿತು. ಬಾಕಿ ತೆರಿಗೆ 14,040, ಅದರ ಮೇಲೆ ಬಡ್ಡಿ, ಇವೆರಡನ್ನೂ ಕೂಡಿಸಿದ ಮೊತ್ತದ ಮೇಲೆ ಮತ್ತೆ ಕಾಲುಭಾಗ ಹೆಚ್ಚುವರಿ. ಮೊದಲೇ ಸರಿಯಾಗಿ ಹಾಕಿದ್ದರೆ 14,040ರಲ್ಲೇ ಮುಗಿಯುತ್ತಿತ್ತು.

ಹಾಗಾಗಿ ಆ ಒಟ್ಟು ಮೊತ್ತ ನೋಡಬೇಡಿ. ITR-1ರಲ್ಲಿ ಇದು ಬರಲ್ಲ, ITR-2 ಬೇಕು. ಅದರಲ್ಲಿ ಕ್ರಿಪ್ಟೋ ವಿವರ ತುಂಬೋಕೆ Schedule VDA ಅಂತ ಇದೆ. ಒಂದೊಂದು ಮಾರಾಟಕ್ಕೂ ಒಂದೊಂದು ಸಾಲು: ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಬಂದ ದುಡ್ಡು. ನಷ್ಟದ ಸಾಲಿನಲ್ಲಿ ಆದಾಯ ಸೊನ್ನೆ. ಆ ಸಾಲನ್ನು ಬಿಡಬೇಡಿ, ಟಿಡಿಎಸ್ ಹಿಡಿದ ಮಾರಾಟ ಇಲಾಖೆ ಇಟ್ಟಿರುವ ನಿಮ್ಮ ವಹಿವಾಟಿನ ಪಟ್ಟಿ AISನಲ್ಲಿ ಹೇಗೂ ಕಾಣುತ್ತೆ.

ಮೈಸೂರಿನವರು: ನನಗೆ ಗೊತ್ತಿರಲಿಲ್ಲ, ಕ್ಷಮಿಸಿ ಮೇಡಂ. ನಾನೂ ಹಿಂದಿನ ರಿಟರ್ನ್ ತೆಗೆದು ನೋಡಬೇಕು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ನಿದ್ದೆ ಬರಲಿಲ್ಲ. ಈಗ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಇನ್ನೊಂದು ಗೊಂದಲ. ನಷ್ಟ ಆದ ಕಾಯಿನ್ ಎರಡು ಸಲ ಕೊಂಡಿದ್ದೆ. ಅಗ್ಗ ಇದ್ದಾಗ 20,000ಕ್ಕೆ, ಏರಿದ ಮೇಲೆ ಅಷ್ಟೇ ಕಾಯಿನ್ 1,80,000ಕ್ಕೆ. ಮಾರುವಾಗ ಅರ್ಧರ್ಧ ಮಾರಿದೆ, ಎರಡು ಸಲವೂ 25,000 ಬಂತು. ಇದಕ್ಕೆ ಎಷ್ಟು ಸಾಲು?

ಹುಬ್ಬಳ್ಳಿಯವರು: ಎರಡು. ನಾನಾಗಿದ್ದರೆ ಮೊದಲು ಕೊಂಡದ್ದು ಮೊದಲು ಮಾರಿತು ಅಂತ ಹಿಡಿಯುತ್ತೇನೆ. ಹಾಗೆ ಮಾಡಿದರೆ ಮೊದಲ ಸಾಲಿನಲ್ಲಿ 5,000 ಲಾಭ ಹುಟ್ಟುತ್ತೆ, ಎರಡನೇ ಸಾಲಿನ 1,55,000 ನಷ್ಟ ಸೊನ್ನೆ ಆಗುತ್ತೆ. ಒಟ್ಟಾರೆ ಮುಳುಗಿದ ಕಾಯಿನ್‌ಗೂ 1,560 ತೆರಿಗೆ.

ಪುಣೆಯವರು: ಇಲ್ಲಿ ನನ್ನ ಆಡಿಟರ್ ಬೇರೆ ಹೇಳಿದ್ದರು. ಒಂದೇ ಕಾಯಿನ್‌ಗೆ ಸರಾಸರಿ ಬೆಲೆ ಹಿಡಿಯಿರಿ ಅಂದರು. ಹಾಗೆ ನೋಡಿದರೆ ಎರಡೂ ಸಾಲಿನಲ್ಲಿ ಕೊಂಡ ಬೆಲೆ 1,00,000, ಎರಡೂ ನಷ್ಟ, ತೆರಿಗೆ ಇಲ್ಲ.

ಹುಬ್ಬಳ್ಳಿಯವರು: ಅದನ್ನು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಇದೇ ವಿಧಾನ ಬೇಕು ಅಂತ 115BBHನಲ್ಲಿ ಬರೆದಿಲ್ಲ. ಆದರೆ ಬಿಟ್‌ಕಾಯಿನ್‌ಗೆ ಒಂದು, ಇದಕ್ಕೆ ಇನ್ನೊಂದು ಅಂತ ಅನುಕೂಲ ನೋಡಿ ಬದಲಾಯಿಸಿದರೆ ಕೇಳಿದಾಗ ಉತ್ತರ ಕೊಡೋದು ಕಷ್ಟ. ನಾನು 1,560 ಕಟ್ಟಿ ನೆಮ್ಮದಿಯಾಗಿ ಇರುತ್ತೇನೆ.

ಪುಣೆಯವರು: ನಾನು ಕಟ್ಟಲ್ಲ. ಒಂದೇ ಕಾಯಿನ್, ಒಂದೇ ವ್ಯಾಲೆಟ್, ಎಲ್ಲಿ ಲಾಭ ಆಯಿತು ಹೇಳಿ? ಮೂರು ವರ್ಷದಿಂದ ಸರಾಸರಿಯನ್ನೇ ಹಿಡಿಯುತ್ತಿದ್ದೇನೆ.

ಕೇಳಿದವರು: ಬಿಟ್‌ಕಾಯಿನ್‌ನ 51,660 ಈ ಶನಿವಾರವೇ ಕಟ್ಟುತ್ತೇನೆ, ಅದರಲ್ಲಿ ಅನುಮಾನ ಉಳಿದಿಲ್ಲ. ಈ 1,560 ವಿಷಯ ನಮ್ಮೂರಿನ ಆಡಿಟರ್ ಹತ್ತಿರ ಎರಡೂ ಲೆಕ್ಕ ಒಯ್ದು ಕೇಳಿ ಬಂದು ಇಲ್ಲೇ ಬರೆಯುತ್ತೇನೆ.