ಸಹಾಯ ಬೇಕು: ಆರ್ಡರ್ ಖಾತ್ರಿ ಮೆಸೇಜಿನಲ್ಲೇ ಫಿಲ್ಟರ್ ಬೇಕಾ ಅಂತ ಕೇಳುವುದು ಹೇಗೆ?

ನಮಸ್ಕಾರ. ಚಿಕ್ಕಮಗಳೂರಿನಿಂದ ಕಾಫಿಪುಡಿಯನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಪುಡಿ ಕೊಂಡವರಿಗೆ ಸ್ಟೀಲ್ ಫಿಲ್ಟರನ್ನೂ ಅದೇ ಪಾರ್ಸೆಲ್‌ನಲ್ಲಿ ಹಾಕಿದರೆ ಎರಡನೇ ಕೊರಿಯರ್ ಖರ್ಚು ಉಳಿಯುತ್ತದೆ. ಹಾಗಾಗಿ ಪ್ಯಾಕ್ ಮಾಡುವ ಮೊದಲು, ವಾಟ್ಸಾಪ್ ಖಾತ್ರಿ ಮೆಸೇಜಿನಲ್ಲೇ ಕೇಳೋಣ ಅಂತ. ತೊಡಕೇನೆಂದರೆ, ಯುಟಿಲಿಟಿ ಟೆಂಪ್ಲೇಟಿಗೆ ಮಾರಾಟದ ಸಾಲು ಸೇರಿದರೆ ಅದು ಮಾರ್ಕೆಟಿಂಗ್ ವರ್ಗಕ್ಕೆ ಹೋಗುತ್ತದೆ. ದರ ಹೆಚ್ಚುವುದು ಹಾಗಿರಲಿ, ಮಾರ್ಕೆಟಿಂಗ್ ಮೆಸೇಜುಗಳಿಗೆ ಮಿತಿ ಇರುವುದರಿಂದ ಕೆಲವರಿಗೆ ಖಾತ್ರಿಯೇ ತಲುಪದಿರಬಹುದು. ದುಡ್ಡು ಕಟ್ಟಿದವರು ಗಾಬರಿಯಾಗದೆ ಇರುತ್ತಾರಾ?

ನನ್ನ ಯೋಚನೆ: ಖಾತ್ರಿಯಲ್ಲಿ ‘ಆರ್ಡರ್ ಬದಲಿಸಿ’ ಬಟನ್ ಮಾತ್ರ ಇಡುವುದು. ಒತ್ತಿದವರಿಗೆ 24 ಗಂಟೆ ಟೆಂಪ್ಲೇಟ್ ಇಲ್ಲದೆ ಉತ್ತರಿಸಬಹುದಲ್ಲ, ಆಗ ಫಿಲ್ಟರ್ ಫೋಟೊ, ಪಾವತಿ ಲಿಂಕ್ ಕಳಿಸುವುದು. ಹೀಗೆ ಮಾಡಿದವರು ಇದ್ದೀರಾ? ಬಟನ್ ಮೇಲೆ ‘ಫಿಲ್ಟರ್ ಬೇಕೇ?’ ಅಂತಲೇ ಬರೆದರೆ ಯುಟಿಲಿಟಿಯಾಗಿ ಒಪ್ಪಿಗೆ ಸಿಕ್ಕೀತೇ?