ಅರವತ್ತು ಅಂಕಪಟ್ಟಿ, ಹತ್ತು ಚೀಟಿ

ಪ್ರಶ್ನೆ: ಸಂಶೋಧನೆ ಈಗಷ್ಟೇ ಕಲಿಯುತ್ತಿದ್ದೇನೆ. ಸಮಷ್ಟಿ, ಮಾದರಿ, ಪ್ಯಾರಾಮೀಟರ್, ಸ್ಟ್ಯಾಟಿಸ್ಟಿಕ್ ನಾಲ್ಕೂ ತಲೆಯಲ್ಲಿ ಕಲಸಿಹೋಗಿವೆ. ತರಗತಿಯ ಉದಾಹರಣೆ ಇಟ್ಟುಕೊಂಡು ಯಾರಾದರೂ ಬಿಡಿಸಿ ಹೇಳುತ್ತೀರಾ?

ಸಂಖ್ಯಾಶಾಸ್ತ್ರ ಕಲಿಸುವವರು: ನಾನು ತರಗತಿಯಲ್ಲಿ ಮಾಡಿಸುವುದನ್ನೇ ಹೇಳುತ್ತೇನೆ. 60 ವಿದ್ಯಾರ್ಥಿಗಳು, 25 ಅಂಕಗಳ ಕಿರುಪರೀಕ್ಷೆ. ‘ಈ ತರಗತಿಯ ಸರಾಸರಿ ಎಷ್ಟು?’ ಎಂಬುದು ನಮ್ಮ ಪ್ರಶ್ನೆಯಾದರೆ, ಆ 60 ಜನರೂ ಸೇರಿ ಸಮಷ್ಟಿ. ಎಲ್ಲರ ಅಂಕ ಕೂಡಿಸಿದರೆ 912 ಬಂತು ಎನ್ನಿ, ಸರಾಸರಿ 15.2. ಇದು ಪ್ಯಾರಾಮೀಟರ್. ಈಗ ಪ್ರತಿಯೊಬ್ಬರ ಅಂಕವನ್ನು ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಚೆನ್ನಾಗಿ ಕಲಸಿ, ನೋಡದೆ 10 ಚೀಟಿ ಎತ್ತಿ. ಅದು ಮಾದರಿ. ಅವುಗಳ ಸರಾಸರಿ 14.2 ಬಂದರೆ ಅದೇ ಸ್ಟ್ಯಾಟಿಸ್ಟಿಕ್. ಚೀಟಿಗಳನ್ನು ಡಬ್ಬಿಗೆ ಹಿಂತಿರುಗಿಸಿ ಇನ್ನೊಮ್ಮೆ ಎತ್ತಿ, 16.1 ಬರಬಹುದು; ಮತ್ತೊಮ್ಮೆ 14.9. ಕೈಗೆ ಬಂದ ಚೀಟಿ ಬದಲಾದಂತೆ ಇದು ಬದಲಾಗುತ್ತದೆ, 15.2 ಮಾತ್ರ ಇದ್ದಲ್ಲೇ ಇರುತ್ತದೆ. ನಿಜವಾದ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಆ 15.2 ನಮಗೆ ಕಾಣುವುದಿಲ್ಲ. ಕೈಯಲ್ಲಿರುವ ಒಂದೇ ಒಂದು 14.2ರಿಂದ ಅದನ್ನು ಅಂದಾಜು ಮಾಡಬೇಕು.

ಎಂ.ಎಡ್. ವಿದ್ಯಾರ್ಥಿ: ಹಾಗಾದರೆ ಹೆಚ್ಚು ಜನರನ್ನು ತೆಗೆದುಕೊಂಡರೆ ಆಯಿತು. ಮಾದರಿ ದೊಡ್ಡದಾದಷ್ಟೂ ಉತ್ತರ ನಿಜಕ್ಕೆ ಹತ್ತಿರ.

ಸಂಖ್ಯಾಶಾಸ್ತ್ರ ಕಲಿಸುವವರು: ಚೀಟಿ ಎತ್ತಿದರೆ ಸಾಮಾನ್ಯವಾಗಿ ಹೌದು. ಆದರೆ ಚೀಟಿ ಬಿಟ್ಟು, ಮುಂದಿನ ಬೆಂಚಿನ 10 ಜನರನ್ನು ಕೇಳಿದಿರಿ ಎನ್ನಿ, ಸರಾಸರಿ 19.4. ಅದರ ಹಿಂದಿನ ಬೆಂಚನ್ನೂ ಸೇರಿಸಿ 20 ಜನ ಮಾಡಿದರೂ 18.6. ಸಂಖ್ಯೆ ಇಮ್ಮಡಿಯಾಯಿತು, ಆದರೆ ಒಂದೇ ಕಡೆಗಿನ ಓರೆ ಹಾಗೇ ಉಳಿಯಿತು. ಹಿಂದೆ ಕುಳಿತವರಿಗೆ ಆಯ್ಕೆಯಾಗುವ ಅವಕಾಶವೇ ಇರಲಿಲ್ಲವಲ್ಲ! ಆದ್ದರಿಂದ ಎಷ್ಟು ಜನ ಎನ್ನುವುದಕ್ಕೆ ಮೊದಲು, ಅವರನ್ನು ಹೇಗೆ ಆರಿಸಿದರು ಎಂದು ಕೇಳಿ.

ಶಾಲಾ ಶಿಕ್ಷಕಿ: ನನ್ನದು ಸ್ವಲ್ಪ ಬೇರೆ. ಪ್ರಶ್ನಾವಳಿಯನ್ನು ನಮ್ಮ ಶಾಲೆಯ ಎಂಟನೇ ತರಗತಿಯ 45 ಮಕ್ಕಳಿಗೂ ಕೊಟ್ಟೆ, ಎಲ್ಲರೂ ತುಂಬಿದರು. ಮಾದರಿಯ ಗಾತ್ರ 45 ಎಂದು ಬರೆದೆ. ಮಾರ್ಗದರ್ಶಕರು ‘ಇದು ಸಮಷ್ಟಿ’ ಎಂದು ಕೆಂಪು ಗೆರೆ ಎಳೆದಿದ್ದಾರೆ. ಯಾರು ಸರಿ?

ಸಂಖ್ಯಾಶಾಸ್ತ್ರ ಕಲಿಸುವವರು: ನಿಮ್ಮ ಪ್ರಬಂಧದ ಶೀರ್ಷಿಕೆ ನೋಡಿ. ಆ ತರಗತಿಯ ಬಗ್ಗೆ ಮಾತ್ರ ಹೇಳುತ್ತಿದ್ದರೆ ಅವರು ಸರಿ, ನಿಮ್ಮ ಸರಾಸರಿಯೇ ಪ್ಯಾರಾಮೀಟರ್. ‘ಎಂಟನೇ ತರಗತಿಯ ಮಕ್ಕಳು’ ಎಂದು ಒಟ್ಟಾರೆ ಬರೆದಿದ್ದರೆ ಅದೇ 45 ಜನ ಮಾದರಿ; ಆದರೆ ಚೀಟಿ ಎತ್ತಿ ಆರಿಸಿದ ಮಾದರಿಯಲ್ಲ, ಕೈಗೆ ಸಿಕ್ಕ ಮಾದರಿ. ಬೇರೆ ಶಾಲೆಗಳಿಗೆ ಅದು ಎಷ್ಟು ಒಪ್ಪುತ್ತದೆ ಎಂದು ಅಂಕಿಗಳಿಂದಲೇ ಹೇಳಲಾಗದು.

ಸಂಶೋಧನಾರ್ಥಿ: ಇದೇ 45 ಜನರನ್ನು ಮುಂದಿನ ವರ್ಷಗಳಲ್ಲಿ ಬರುವ ಮಕ್ಕಳ ಮಾದರಿ ಎಂದು ನೋಡುವವರೂ ಇದ್ದಾರೆ. ನಮ್ಮ ವಿಭಾಗದಲ್ಲಿ ಅರ್ಧ ಜನ ಇದನ್ನು ಒಪ್ಪುತ್ತಾರೆ, ಉಳಿದವರು ಒಪ್ಪುವುದಿಲ್ಲ.

ಶಾಲಾ ಶಿಕ್ಷಕಿ: ಶೀರ್ಷಿಕೆಯಲ್ಲಿ ಜಿಲ್ಲೆಯ ಹೆಸರಿದೆ. ಶಾಲೆಯ ಹೆಸರು ಹಾಕಬೇಕೋ, ಇನ್ನಷ್ಟು ಶಾಲೆಗಳಿಗೆ ಹೋಗಬೇಕೋ, ಮಾರ್ಗದರ್ಶಕರನ್ನು ಕೇಳಿ ಬರುತ್ತೇನೆ.