ಪದಚರ್ಚೆ: ಸರ್ಕಾರದ ಸಾಲಕ್ಕೆ ‘ಒತ್ತುವರಿ’ ಅನ್ನಬಹುದಾ?

ಶಾಂತಾ, ಜಯನಗರ:
ಎಲ್ಲರಿಗೂ ನಮಸ್ಕಾರ. ಬಜೆಟ್ ಕುರಿತ ಒಂದು ಲೇಖನ ತಿದ್ದುತ್ತಿದ್ದೇನೆ. ‘ವಿತ್ತೀಯ ಕೊರತೆ’ ಪತ್ರಿಕೆ ಓದುವವರಿಗೆಲ್ಲ ಗೊತ್ತು. ತೊಡಕಿರುವುದು ‘ಕ್ರೌಡಿಂಗ್ ಔಟ್’ ಜೊತೆ. ಸರ್ಕಾರ ಜಾಸ್ತಿ ಸಾಲ ಎತ್ತಿ ಉಳಿದವರಿಗೆ ಬಡ್ಡಿ ದುಬಾರಿಯಾಗುವುದಕ್ಕೆ ಲೇಖಕರು ‘ಹೊರದೂಡಿಕೆ’ ಅಂದಿದ್ದಾರೆ. ಯಾರು ಯಾರನ್ನು ದೂಡಿದರು ಅಂತಲೇ ಹೊಳೆಯುವುದಿಲ್ಲ. ಕೆರೆ, ರಾಜಕಾಲುವೆಗೆ ಹೇಳುವ ಹಾಗೆ ‘ಒತ್ತುವರಿ’ ಅಂದರೆ ಹೇಗೆ?

ರಘು, ವಿಜಯನಗರ:
ಒತ್ತುವರಿ ಸರಿಯಾಗಿದೆ. ಬ್ಯಾಂಕಲ್ಲಿ ಇರುವುದೇ ಇಷ್ಟು ದುಡ್ಡು. ಸರ್ಕಾರ ಮೊದಲೇ ಬಾಚಿಕೊಂಡರೆ ಮಿಕ್ಕವರಿಗೆ ಉಳಿಯುವುದೇ ಇಲ್ಲ. ಅಷ್ಟೇ ವಿಷಯ.

ಅನಂತರಾಮಯ್ಯ, ಬಸವನಗುಡಿ:
ಬ್ಯಾಂಕೊಂದರ ಟ್ರೆಷರಿಯಲ್ಲಿದ್ದು ನಿವೃತ್ತನಾದವನು ನಾನು. ರಘು ಅವರೇ, ನೀವು ಹೇಳಿದ್ದು ಅರ್ಧ ಸರಿ. ದುಡ್ಡು ಖಾಲಿಯಾಗುವುದಿಲ್ಲ. ಸರ್ಕಾರ ಅದನ್ನು ಸಂಬಳ, ಗುತ್ತಿಗೆದಾರರ ಬಿಲ್ಲು ಅಂತ ಕೊಟ್ಟ ಮೇಲೆ ಮತ್ತೆ ಯಾರದೋ ಖಾತೆಗೇ ಬಂದು ಬೀಳುತ್ತದೆ. ಬದಲಾಗುವುದು ರೇಟು.

2025-26ರ ಬಜೆಟ್‌ನಲ್ಲಿ ಕೇಂದ್ರದ ವಿತ್ತೀಯ ಕೊರತೆ 15.69 ಲಕ್ಷ ಕೋಟಿ ರೂಪಾಯಿ ಅಂತ ಅಂದಾಜಿಸಿದ್ದರು. ಇದರಲ್ಲಿ ದೊಡ್ಡ ಪಾಲನ್ನು ಬಾಂಡ್ ಮಾರಿಯೇ ತುಂಬಿಸಬೇಕು. ಮಾರುವುದು ರಿಸರ್ವ್ ಬ್ಯಾಂಕು, ಸಾಮಾನ್ಯವಾಗಿ ಶುಕ್ರವಾರದ ಹರಾಜಿನಲ್ಲಿ. ಕೊಳ್ಳುವವರು ಬ್ಯಾಂಕು, ವಿಮೆ ಕಂಪನಿ, ಪಿಎಫ್‌ನಂಥವರು. ಹತ್ತು ವರ್ಷ ಕೈ ಕಟ್ಟಿಹಾಕುವ ಕಾಗದವನ್ನು ಎಷ್ಟು ಅಂತ ಕೊಳ್ಳುತ್ತಾರೆ? ವಾರವಾರವೂ ಹೊಸದು ಬರುತ್ತಲೇ ಇದ್ದರೆ ಬೆಲೆ ಇಳಿಸಿಯೇ ಕೇಳುತ್ತಾರೆ.

ಒಂದು ಲೆಕ್ಕ ನೋಡಿ. 100 ರೂಪಾಯಿಯ ಹತ್ತು ವರ್ಷದ ಬಾಂಡು, ವರ್ಷಕ್ಕೆ 7 ರೂಪಾಯಿ ಬಡ್ಡಿ. ಅದು 96ಕ್ಕೆ ಸಿಕ್ಕಿದರೆ, ಕೊಂಡವನಿಗೆ ಆ 7 ರೂಪಾಯಿಯ ಜೊತೆಗೆ ಕೊನೆಯಲ್ಲಿ 4 ರೂಪಾಯಿ ಲಾಭ. ಎಲ್ಲ ಸೇರಿಸಿದರೆ ಗಳಿಕೆ ಏಳೂವರೆ ಶೇಕಡದ ಆಸುಪಾಸು. ದುಡ್ಡು ಮುಳುಗುವ ಭಯವಿಲ್ಲದ ಸರ್ಕಾರವೇ ಏಳೂವರೆ ಕೊಡುವಾಗ, ಪೀಣ್ಯದ ಕಾರ್ಖಾನೆಗೆ ಅದೇ ರೇಟಿಗೆ ಯಾರು ಕೊಡುತ್ತಾರೆ? ಎಂಟೋ ಒಂಬತ್ತೋ ಕೇಳುತ್ತಾರೆ. ಕಂಪನಿ ಬಾಂಡಿನ ರೇಟು ಕುದುರಿಸುವಾಗ ಸರ್ಕಾರದ ರೇಟಿನ ಮೇಲೆ ಎಷ್ಟು ಅಂತಲೇ ಮಾತು ಶುರುವಾಗುವುದು.

ಮಂಜುಳಾ, ಯಲಹಂಕ:
ಸರ್, ಹಾಗಾದರೆ 2025ರಲ್ಲಿ ನನ್ನ ಹೋಮ್ ಲೋನ್ ಬಡ್ಡಿ ಇಳಿದದ್ದು ಯಾಕೆ? ಆಗ ಸರ್ಕಾರವೇನು ಸಾಲ ನಿಲ್ಲಿಸಿತ್ತಾ? ಹಾಗೇ ಇನ್ನೊಂದು, ಈಗ ಫಿಕ್ಸೆಡ್ ರೇಟಿಗೆ ಬದಲಾಯಿಸಿಕೊಂಡರೆ ಒಳ್ಳೆಯದಾ?

ಅನಂತರಾಮಯ್ಯ:
ಫಿಕ್ಸೆಡ್ ವಿಚಾರ ನಿಮ್ಮ ಬ್ಯಾಂಕಿನಲ್ಲೇ ಕೇಳಿ ತಾಯಿ. ಮೊದಲ ಪ್ರಶ್ನೆ ಮಾತ್ರ ಚೆನ್ನಾಗಿದೆ. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ಹೋಮ್ ಲೋನ್‌ಗಳಲ್ಲಿ ಹೆಚ್ಚಿನವು ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ರೇಟಿಗೆ, ಕಟ್ಟಿಕೊಂಡಿವೆ. ರೆಪೋ ಗೊತ್ತುಮಾಡುವುದು ರಿಸರ್ವ್ ಬ್ಯಾಂಕು, ಹರಾಜಲ್ಲ. 2025ರ ಜೂನ್‌ನಲ್ಲಿ ರೆಪೋ 6ರಿಂದ 5.5ಕ್ಕೆ ಇಳಿಯಿತು, ನಿಮಗೆ ಅನುಕೂಲವಾಯಿತು. ಹತ್ತು ವರ್ಷದ ಸರ್ಕಾರಿ ಬಾಂಡಿನ ರೇಟು ಮಾತ್ರ ಆಮೇಲೆ ಮೇಲಕ್ಕೇ ಹೋಗಿ, ಆಗಸ್ಟ್ ಕೊನೆಗೆ 6.6ರ ಹತ್ತಿರ ಬಂತು. ಜಿಎಸ್‌ಟಿ ಇಳಿಸಿದರೆ ವರಮಾನ ಕಡಿಮೆಯಾಗಿ ಸಾಲ ಹೆಚ್ಚಬಹುದು ಅನ್ನುವ ಅಳುಕು ಒಂದು ಕಾರಣ. ರೆಪೋ ಇನ್ನು ಬೇಗ ಇಳಿಯಲಿಕ್ಕಿಲ್ಲ ಅನ್ನುವ ಲೆಕ್ಕಾಚಾರವೂ ಸೇರಿತ್ತು. ಯಾವುದರ ಪಾಲು ಎಷ್ಟು ಅಂತ ಟ್ರೆಷರಿಯವರಲ್ಲೇ ಒಮ್ಮತ ಇಲ್ಲ.

ರಘು:
ಅಂದ್ರೆ ಸಾಲ ಏರಿದರೆ ಬಡ್ಡಿ ಏರಲೇಬೇಕು ಅಂತಿಲ್ಲ, ಅಲ್ವಾ?

ಅನಂತರಾಮಯ್ಯ:
ಇಲ್ಲ. 2020-21ರಲ್ಲಿ ಕೋವಿಡ್‌ನಿಂದ ಕೇಂದ್ರದ ಕೊರತೆ ಜಿಡಿಪಿಯ ಶೇ 9 ದಾಟಿತ್ತು. ಆದರೂ ಹತ್ತು ವರ್ಷದ ರೇಟು 6ರ ಆಸುಪಾಸಲ್ಲೇ ಇತ್ತು. ರೆಪೋ 4ಕ್ಕೆ ಇಳಿದಿತ್ತು, ರಿಸರ್ವ್ ಬ್ಯಾಂಕು ತಾನೇ ಬಾಂಡ್ ಕೊಳ್ಳುತ್ತಿತ್ತು, ಕಂಪನಿಗಳಿಗೆ ಸಾಲ ಬೇಕಿರಲಿಲ್ಲ. ಪೈಪೋಟಿಯೇ ಇಲ್ಲದಿದ್ದರೆ ಯಾರ ಜಾಗ ಒತ್ತುವುದು? ಆದರೂ ಹರಾಜಿನಲ್ಲಿ ಒತ್ತಡ ಕಾಣುತ್ತಿತ್ತು. ಬಂದ ಬಿಡ್‌ಗಳು ಕೇಳುವ ರೇಟು ಸರ್ಕಾರಕ್ಕೆ ಒಪ್ಪಿಗೆಯಾಗದೆ ಉಳಿದ ಬಾಂಡು, ಮಿಕ್ಕಿದ್ದನ್ನು ಕೊಳ್ಳುತ್ತೇವೆ ಅಂತ ಮೊದಲೇ ಒಪ್ಪಿಕೊಂಡಿರುವ ಪ್ರೈಮರಿ ಡೀಲರುಗಳ ತಲೆಗೆ ಬೀಳುತ್ತದೆ. ‘ಡಿವಾಲ್ವ್ ಆಯ್ತು’ ಅನ್ನುತ್ತೇವೆ. 2021ರ ಶುರುವಿನಲ್ಲಿ ಹಾಗೆ ಕೆಲವು ಸಲ ಆಯಿತು.

ಗುರುಪ್ರಸಾದ, ಮಲ್ಲೇಶ್ವರ:
ಒತ್ತುವರಿ ಅಂದರೆ ಕಾನೂನು ಮೀರಿ ಜಾಗ ನುಂಗುವುದು. ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆದು ಬಜೆಟ್ಟಿನಲ್ಲಿ ತೋರಿಸಿ ಸಾಲ ಮಾಡುತ್ತದೆ. ಈ ಪದ ಹಾಕಿದರೆ ಸುಮ್ನೆ ಬೈದ ಹಾಗಾಗುತ್ತದೆ.

ಶಾಂತಾ:
ನಿಮ್ಮ ಮಾತು ಒಪ್ಪಿದೆ ಗುರುಪ್ರಸಾದ್ ಸರ್, ಆದರೂ ಪದ ಬಿಡಲು ಮನಸ್ಸಿಲ್ಲ. ಲೇಖನದಲ್ಲಿ ಸದ್ಯಕ್ಕೆ ‘ಸರ್ಕಾರದ ಸಾಲದಿಂದ ಉಳಿದವರಿಗೆ ಬಡ್ಡಿ ಏರುವುದು’ ಅಂತ ಬಿಡಿಸಿಯೇ ಬರೆಯುತ್ತೇನೆ. ಅನಂತರಾಮಯ್ಯನವರೇ, ಕರ್ನಾಟಕ ಎತ್ತುವ ಸಾಲವೂ ಇದೇ ಲೆಕ್ಕಕ್ಕೆ ಬರುತ್ತದಾ?

ಅನಂತರಾಮಯ್ಯ:
ಬರುತ್ತದೆ. ರಾಜ್ಯಗಳ ಬಾಂಡ್ ಹರಾಜು ಸಾಮಾನ್ಯವಾಗಿ ಮಂಗಳವಾರ. ಕೊಳ್ಳುವವರು ಬಹುಪಾಲು ಅದೇ ಬ್ಯಾಂಕು, ವಿಮೆ ಕಂಪನಿ, ಪಿಎಫ್‌ನಂಥವರೇ, ರೇಟು ಕೇಂದ್ರಕ್ಕಿಂತ ಒಂದಿಷ್ಟು ಜಾಸ್ತಿ. ಕೇಂದ್ರದ ಕೊರತೆ ಒಂದನ್ನೇ ನೋಡಿ ಬಡ್ಡಿ ಎತ್ತ ಹೋಗುತ್ತದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.